5,000 ಮಾತ್ರೆ ಸಾಲಲ್ಲ ಅಂದಾಗ ಎಲ್ಲರೂ ನಕ್ಕರು

ನಾನು ಮೂಡಿಗೆರೆ ಕಡೆಯ ಒಂದು ಉಪಕೇಂದ್ರದಲ್ಲಿ ಸಿಸ್ಟರ್. ನನ್ನ ಪಾಲಿಗೆ ಒಂದು ಹೈಸ್ಕೂಲ್ ಇದೆ. 8ರಿಂದ 10ನೇ ತರಗತಿಯಲ್ಲಿ 96 ಹೆಣ್ಣುಮಕ್ಕಳು, ಅರ್ಧದಷ್ಟು ಜನ ಕಾಫಿ ತೋಟದ ಲೈನ್ ಮನೆಗಳಿಂದ ಬರುವವರು. ರಕ್ತಹೀನತೆ ಬರದಿರಲಿ ಅಂತ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ: 96 ಜನ, 52 ವಾರ, ಹೆಚ್ಚುಕಮ್ಮಿ 5,000. ಮೊದಲ ವರ್ಷ ನಾನೂ ಅಷ್ಟಕ್ಕೇ ಇಂಡೆಂಟ್ ಹಾಕಿದೆ. ಐದನೇ ವಾರಕ್ಕೆ ಡಬ್ಬ ಖಾಲಿ.

ಆದದ್ದು ಇಷ್ಟು. ಜುಲೈನಲ್ಲಿ ರಕ್ತ ಪರೀಕ್ಷೆ ಮಾಡಿದೆವು. ಹೊರಗೆ ಜಡಿಮಳೆ, ಬೆಳಗ್ಗೆ ಹತ್ತು ಗಂಟೆ, ಮಕ್ಕಳ ಕೈ ಮಂಜುಗಡ್ಡೆ. ಚುಚ್ಚಿದರೆ ರಕ್ತವೇ ಬರುತ್ತಿರಲಿಲ್ಲ. ಹಾಲು ಕರೆದ ಹಾಗೆ ಬೆರಳು ಹಿಂಡಿದೆವು. ಸುಮಾರು 75 ಮಕ್ಕಳಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಬಂತು, ಅಂದರೆ ರಕ್ತಹೀನತೆ. ಅಷ್ಟೂ ಜನಕ್ಕೆ ದಿನಕ್ಕೆ ಎರಡರಂತೆ ಚಿಕಿತ್ಸೆ ಶುರು. ದಿನಕ್ಕೆ 150 ಮಾತ್ರೆ ಹೋದರೆ 5,000 ಎಷ್ಟು ದಿನ ಬಂದೀತು? ಚಿಕಿತ್ಸೆಯೂ ಅರ್ಧಕ್ಕೆ ನಿಂತಿತು, ವಾರದ ಮಾತ್ರೆಯೂ ನಿಂತಿತು.

ಆ ರೀಡಿಂಗ್ ಮೇಲೆ ನನಗೆ ಅನುಮಾನ ಬಂದದ್ದು ಆಟದ ಟೀಮಿನ ಹುಡುಗಿಯರಿಂದ. ಮೈದಾನದಲ್ಲಿ ಹಾರಾಡುವವರಿಗೆಲ್ಲ 10ರ ಆಸುಪಾಸು ಬಂದಿತ್ತು. ಹನ್ನೆರಡು ಮಕ್ಕಳನ್ನು ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋಳಿನಿಂದ ರಕ್ತ ತೆಗೆಸಿದೆ. ಜೀಪಿಗೆ ಕೈಯಿಂದ 900 ರೂಪಾಯಿ ಕೊಟ್ಟೆ, ಅದು ಇವತ್ತಿಗೂ ವಾಪಸ್ ಬಂದಿಲ್ಲ. ಒಂಬತ್ತು ಜನಕ್ಕೆ ನಮ್ಮ ಮೆಷಿನ್ ತೋರಿಸಿದ್ದಕ್ಕಿಂತ ಮುಕ್ಕಾಲರಿಂದ ಒಂದರಷ್ಟು ಜಾಸ್ತಿ ಇತ್ತು. ಬೆರಳು ಹಿಂಡಿದರೆ ರಕ್ತದ ಜೊತೆ ಮಾಂಸದ ನೀರೂ ಬರುತ್ತದೆ, ರಕ್ತ ತೆಳುವಾಗುತ್ತದೆ. ಇದು ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದೇ. ಆದರೆ ಹೊರಗೆ ಎಪ್ಪತ್ತು ಮಕ್ಕಳು ಸಾಲಲ್ಲಿ ನಿಂತಿದ್ದಾಗ ಯಾರಿಗೆ ನೆನಪಿರುತ್ತೆ ಹೇಳಿ.

ಮುಂದಿನ ವರ್ಷ ಪರೀಕ್ಷೆಯನ್ನು ಜೂನ್ ಎರಡನೇ ವಾರಕ್ಕೆ, ಮಧ್ಯಾಹ್ನದ ಊಟ ಆದಮೇಲೆ ಇಟ್ಟುಕೊಂಡೆ. ಬಿಸಿಯೂಟದ ಒಲೆಯ ಮೇಲೆ ಒಂದು ಹಂಡೆ ನೀರು ಇಡಿಸಿದೆ. ಮಗು ಆ ಉಗುರುಬೆಚ್ಚಗಿನ ನೀರಲ್ಲಿ ಎರಡು ನಿಮಿಷ ಕೈ ಅದ್ದಿ, ಒಣ ಟವೆಲ್‌ನಲ್ಲಿ ಚೆನ್ನಾಗಿ ಒರೆಸಿಕೊಂಡು ಬರಬೇಕು. ಒದ್ದೆ ಬೆರಳಾದರೆ ಮತ್ತದೇ ಕಥೆ. ಸ್ಪಿರಿಟ್ ಪೂರ್ತಿ ಆರಬೇಕು. ಉಂಗುರ ಬೆರಳಿನ ಪಕ್ಕಕ್ಕೆ ಒಂದೇ ಸಲ ಗಟ್ಟಿಯಾಗಿ ಚುಚ್ಚಬೇಕು. ಹೆದರಿ ಮೆಲ್ಲಗೆ ಚುಚ್ಚಿದರೇ ಆಮೇಲೆ ಹಿಂಡುವ ಗತಿ ಬರುವುದು. ಮೊದಲ ಎರಡು ಹನಿ ಹತ್ತಿಯಲ್ಲಿ ಒರೆಸಿ, ಮೂರನೆಯದು ತಾನಾಗಿ ಉಬ್ಬಿ ನಿಂತ ಮೇಲೆ ಸ್ಟ್ರಿಪ್‌ಗೆ ಮುಟ್ಟಿಸುವುದು. ಸ್ಟ್ರಿಪ್ ಡಬ್ಬದ ಮುಚ್ಚಳ ಪ್ರತಿ ಸಲ ಹಾಕಲೇಬೇಕು. ನಮ್ಮ ಮಲೆನಾಡಿನ ಥಂಡಿಗೆ ತೆರೆದಿಟ್ಟ ಡಬ್ಬದಿಂದ ಮೊದಲ ವರ್ಷ ಇಪ್ಪತ್ತು ಸ್ಟ್ರಿಪ್ ಹಾಳಾದವು. ಒಂದಕ್ಕೆ 30 ರೂಪಾಯಿ ಹಿಡಿದರೂ 600 ಆಯ್ತಲ್ವಾ?

ಇನ್ನೊಂದು ನನ್ನದೇ ಅಭ್ಯಾಸ. ಪರೀಕ್ಷೆಯ ದಿನ ಮೊದಲ ಚುಚ್ಚು ನನಗೇ. ನನ್ನದು 12.4ರ ಆಸುಪಾಸು ಅಂತ ಗೊತ್ತು. ಮೆಷಿನ್ 11 ತೋರಿಸಿದರೆ ತಪ್ಪು ಮೆಷಿನ್ನಿನದೋ, ಸ್ಟ್ರಿಪ್ಪಿನದೋ, ನನ್ನ ಕೈಯದೋ ಅಂತ ನೋಡಿಯೇ ಮುಂದಕ್ಕೆ ಹೋಗುವುದು.

ಈ ಸಲ 12ಕ್ಕಿಂತ ಕಮ್ಮಿ ಬಂದವರು 41. ಒಬ್ಬಳಿಗೆ 7.6. ಅವಳನ್ನು ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. 8ಕ್ಕಿಂತ ಕೆಳಗಿದ್ದರೆ ಮಾತ್ರೆ ಕೊಟ್ಟು ಕಾಯುವ ಹಾಗಿಲ್ಲ. ಉಳಿದ 40 ಜನಕ್ಕೆ ದಿನಕ್ಕೆ ಎರಡು, ಮೂರು ತಿಂಗಳು ಅಂದರೆ ತಲಾ 180, ಒಟ್ಟು 7,200. ಆ 13 ವಾರ ಅವರಿಗೆ ವಾರದ ಮಾತ್ರೆ ಬೇಡ. ಆಮೇಲಿನ 39 ವಾರಕ್ಕೆ 1,560. ಚೆನ್ನಾಗಿರುವ 55 ಮಕ್ಕಳಿಗೆ 2,860. ಕೂಡಿದರೆ 11,600ಕ್ಕೆ ಸ್ವಲ್ಪ ಮೇಲೆ. ಇಂಡೆಂಟ್ ನೋಡಿದವರು "ಒಂದು ಶಾಲೆಗೆ ಇಷ್ಟಾ? ಅಂಗಡಿ ಇಡ್ತೀರಾ ಸಿಸ್ಟರ್?" ಅಂತ ನಕ್ಕರು. ಹೆಸರು, ರೀಡಿಂಗ್, ಗುಣಾಕಾರ ಎಲ್ಲ ಬರೆದಿದ್ದ ಹಾಳೆ ಮುಂದಿಟ್ಟೆ. ಮೂರು ಕಂತಿನಲ್ಲಿ ಕೊಟ್ಟರು. ಹಳೇ ರೀಡಿಂಗನ್ನೇ ನಂಬಿದ್ದರೆ 75 ಜನಕ್ಕೆ ಚಿಕಿತ್ಸೆಗೇ 13,500 ಬೇಕಿತ್ತು. ಬೆರಳು ಹಿಂಡಿದ ಖರ್ಚು ಅದು.

ಮಾತ್ರೆ ಬಂದರೆ ಆಯ್ತಾ? ನುಂಗಬೇಕಲ್ಲ. ಮೊದಲ ವರ್ಷ ಬೆಳಗ್ಗೆಯೇ ಕೊಡುತ್ತಿದ್ದರು. ಬಹಳ ಮಕ್ಕಳು ತಿಂಡಿ ತಿಂದು ಬಂದಿರುವುದಿಲ್ಲ, ಮೇಲೆ ಕ್ಷೀರಭಾಗ್ಯದ ಹಾಲು. ಖಾಲಿ ಹೊಟ್ಟೆಗೆ ಸಂಕಟ, ಹಾಲಿನ ಜೊತೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲ್ಲ. ಒಬ್ಬಳು ಪ್ರಾರ್ಥನೆಯಲ್ಲೇ ವಾಂತಿ ಮಾಡಿಕೊಂಡಳು. ಮಾರನೇ ವಾರ ದಾಸವಾಳದ ಬೇಲಿ ಹಿಂದೆ ನೀಲಿ ಮಾತ್ರೆಗಳು ಬಿದ್ದಿದ್ದವು. "ಮಕ್ಕಳಾಗದ ಮಾತ್ರೆಯಂತೆ" ಅಂತ ಲೈನಿನಲ್ಲಿ ಪುಕಾರು ಬೇರೆ. ಈಗ ಊಟವಾಗಿ ಅರ್ಧ ಗಂಟೆಗೆ, ಕ್ಲಾಸಿನಲ್ಲಿ, ಮೇಷ್ಟ್ರು ಎದುರಲ್ಲೇ. ಕಕ್ಕಸು ಕಪ್ಪಾಗುತ್ತೆ ಅಂತ ಮೊದಲೇ ಹೇಳಿಬಿಡುತ್ತೇನೆ. ಅದೊಂದು ಮಾತಿಗೇ ಅರ್ಧ ಹೆದರಿಕೆ ಹೋಗುತ್ತದೆ.

ವಾರದ ಮಾತ್ರೆ ಸೋಮವಾರವೇ ಕೊಡಬೇಕು ಅನ್ನುವ ಹಠವನ್ನೂ ಬಿಟ್ಟೆ. ಆ ಜುಲೈನಲ್ಲಿ ಮೂರು ಸೋಮವಾರ ಮಳೆ ರಜೆ. ರಿಜಿಸ್ಟರ್‌ನಲ್ಲಿ ಸೋಮವಾರ ಅಂತ ಇತ್ತು ಅಂತ ಮಂಗಳವಾರ ಯಾರೂ ಕೊಡಲಿಲ್ಲ! ಈಗ ತಾರೀಕಿನ ಜಾಗದಲ್ಲಿ ವಾರ 1, ವಾರ 2 ಅಂತ ಬರೆದಿದ್ದೇನೆ. ಆ ವಾರ ಶಾಲೆ ತೆರೆದ ಮೊದಲ ದಿನವೇ ಮಾತ್ರೆ ದಿನ. ಇಡೀ ವಾರ ರಜೆಯಾದರೆ ಆಶಾ ಲೈನಿಗೆ ಒಯ್ಯುತ್ತಾರೆ.

ಕಬ್ಬಿಣಾಂಶ ಇನ್ನಷ್ಟು ಮೈಗೆ ಹತ್ತೀತೇ ಅಂತ ನಡುವೆ ಮಾತ್ರೆಯ ಜೊತೆ ಒಂದು ಪ್ರಯೋಗ ಮಾಡಿದೆ. 9ನೇ ತರಗತಿಗೆ ನಿಂಬೆ ಶರಬತ್ತು, 8ನೇ ತರಗತಿಗೆ ಬೆಟ್ಟದ ನೆಲ್ಲಿಕಾಯಿ. ರಕ್ತದಲ್ಲಿ ಏನೂ ವ್ಯತ್ಯಾಸ ಹಿಡಿಯಲಾಗಲಿಲ್ಲ, ಅದಕ್ಕೆ ಮಕ್ಕಳೂ ಸಾಲದು, ದಿನಗಳೂ ಸಾಲದು. ಆದರೆ ನೆಲ್ಲಿಕಾಯಿ ಕ್ಲಾಸಿನಲ್ಲಿ ಮಾತ್ರೆ ದಿನ ಯಾರೂ ತಪ್ಪಿಸಿಕೊಳ್ಳಲಿಲ್ಲ. ಅದನ್ನು ಹದ ಮಾಡುವ ರೀತಿ ನಮ್ಮತ್ತೆಯದು, ಇಲ್ಲಿ ಬರೆಯಲ್ಲ. ನಾಲಿಗೆ ಅಡಿಯಲ್ಲಿ ಮಾತ್ರೆ ಬಚ್ಚಿಡುವವರನ್ನು ಹಿಡಿಯುವ ಉಪಾಯವನ್ನೂ ಹೇಳಲ್ಲ, ಮಕ್ಕಳ ಕೈಯಲ್ಲೂ ಫೋನ್ ಇದೆ.

ಒಬ್ಬ ಹುಡುಗಿ ಮಾತ್ರ ನನ್ನನ್ನು ಸತಾಯಿಸಿದಳು. ಜೂನ್‌ನಲ್ಲಿ 9.2. ಒಂದು ತಿಂಗಳು ಮಾತ್ರೆ ತಿಂದು 9.4. ತಿಂಗಳಿಗೆ ಒಂದಾದರೂ ಏರಬೇಕು, ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕು. ತೋರಿಸಿದೆ. "ಮನೆಗೆ ಹೋಗಿ ನೋಡಿ ಬನ್ನಿ, ಸಿಸ್ಟರ್" ಅಂದರು. ಶಾಲೆಯಲ್ಲಿ ಊಟವಾದ ಮೇಲೆ ನುಂಗು ಅಂತ ಕೊಟ್ಟ ಮಾತ್ರೆಯನ್ನು ಅವಳು ಕಣ್ತಪ್ಪಿಸಿ ಮನೆಗೆ ಒಯ್ಯುತ್ತಿದ್ದಳು. ರಾತ್ರಿ ಊಟದ ನಂತರ ಅಜ್ಜಿ ಒಂದು ಲೋಟ ಬೆಲ್ಲದ ಕರಿ ಕಾಫಿ ಕೊಡುತ್ತಾರೆ, ಅದರಲ್ಲೇ ಎರಡೂ ಮಾತ್ರೆ ನುಂಗುವುದು. ಕಾಫಿ ಕಬ್ಬಿಣಾಂಶವನ್ನು ಸರಿಯಾಗಿ ಹೀರಲು ಬಿಡಲ್ಲ. ಅಷ್ಟೇ ಅಲ್ಲ. ಫೆಬ್ರವರಿಯಲ್ಲಿ ಜಂತುಹುಳದ ಮಾತ್ರೆ ಕೊಟ್ಟ ದಿನ ಅವಳು ಶಾಲೆಯಲ್ಲೇ ಇರಲಿಲ್ಲ, ಕಾಫಿ ಕೊಯ್ಲಿಗೆ ಹೋಗಿದ್ದಳು. ತೋಟದಲ್ಲಿ ಬರಿಗಾಲು. ಕೊಕ್ಕೆಹುಳ ಅಂಗಾಲಿನಿಂದಲೇ ಮೈ ಹೊಕ್ಕು ಕರುಳಲ್ಲಿ ಕೂತು ರಕ್ತ ಕುಡಿಯುತ್ತದೆ.

ಜಂತುಹುಳದ ಆಲ್ಬೆಂಡಜೋಲ್ 400 ಒಂದು ಮಾತ್ರೆ ನನ್ನೆದುರೇ ಅಗಿದು ನುಂಗಿಸಿದೆ. ಶಾಲೆಯ ಮಾತ್ರೆ ಶಾಲೆಯಲ್ಲೇ. ಭಾನುವಾರದ್ದು ಅಜ್ಜಿ ಕೈಗೆ ಕೊಟ್ಟೆ. "ಕಾಫಿ ಬಿಡು ಅನ್ನಲ್ಲ ಅಜ್ಜಿ, ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು ಕೊಡಿ" ಅಂದೆ. ಆಗಸ್ಟ್‌ಗೆ 10.5, ಸೆಪ್ಟೆಂಬರ್‌ಗೆ 11.6. ಡಾಕ್ಟ್ರು ಇನ್ನೊಂದು ತಿಂಗಳು ಮುಂದುವರಿಸಿದರು. ಅಕ್ಟೋಬರ್‌ನಲ್ಲಿ 12.1.

40 ಜನರಲ್ಲಿ 31ಕ್ಕೋ 32ಕ್ಕೋ 12 ದಾಟಿತು. ಈ ಫೆಬ್ರವರಿಗೆ ಕೊಯ್ಲಿಗೆ ಹೋಗುವ ಮಕ್ಕಳ ಪಟ್ಟಿಯನ್ನು ಡಿಸೆಂಬರ್‌ನಲ್ಲೇ ತೋಟದ ರೈಟರ್ ಹತ್ತಿರ ಬರೆಸಿಕೊಂಡಿದ್ದೇನೆ. ಜಂತುಹುಳದ ಮಾತ್ರೆ ಕಣಕ್ಕೇ ಹೋಗುತ್ತದೆ. ಇಂಡೆಂಟ್ ನೋಡಿ ನಕ್ಕವರು ಹೋದ ವಾರ ಫೋನ್ ಮಾಡಿ ಆ ಹಾಳೆ ವಾಟ್ಸಾಪ್ ಮಾಡಿ ಅಂದರು. ಕಳಿಸಿದೆ. ಜೀಪಿನ 900 ಅನ್ನೂ ಕೆಳಗೆ ಬರೆದು ಕಳಿಸಿದೆ.