ಎರಡನೇ ಇಮೇಲ್‌ನ ಕೊನೆಯ ನಾಲ್ಕು ಸಾಲು ಬರೆಯುವುದು ಹೇಗೆ?

ನಮ್ಮ ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವದ ಪತ್ರವ್ಯವಹಾರವನ್ನು ಹಲವು ವರ್ಷಗಳಿಂದ ಹತ್ತಿರದಿಂದ ನೋಡುತ್ತಿದ್ದೇನೆ. ಮೊದಲ ಇಮೇಲನ್ನು ಎಲ್ಲರೂ ಎರಡೆರಡು ಸಲ ಓದಿ ಕಳಿಸುತ್ತಾರೆ. ಉತ್ತರ ಬರಲಿಲ್ಲವೆಂದು ವಾರ ಬಿಟ್ಟು ನೆನಪಿಸುವ ಇಮೇಲ್ ಮಾತ್ರ ಅವಸರದ್ದು. ಎಡವಟ್ಟಾಗುವುದು ಅದರಲ್ಲೇ, ಹೆಚ್ಚಾಗಿ ಸಹಿಯ ಜಾಗದಲ್ಲಿ.

ಮೂವರಿಗೆ ನೆನಪಿಸಬೇಕಿದೆ ಎಂದುಕೊಳ್ಳಿ: ಸಭಾಂಗಣದ ವ್ಯವಸ್ಥಾಪಕರು, ಡೊಳ್ಳು ತಂಡ ನಡೆಸುವ ಹಳೆಯ ಗೆಳೆಯ, ಮುಖ್ಯ ಅತಿಥಿಯಾಗಿ ಕರೆದಿರುವ ಕುಲಪತಿಗಳು.

ಮೊದಲನೆಯದು ಸುಲಭ. ‘ವಂದನೆಗಳೊಂದಿಗೆ’, ಕೆಳಗೆ ಹೆಸರು, ಹುದ್ದೆ, ಸಂಘದ ಹೆಸರು, ಒಂದು ಮೊಬೈಲ್ ನಂಬರು. ಜೊತೆಗೆ ಮುಂಗಡ ಕಟ್ಟಿದ ರಸೀದಿಯ ಸಂಖ್ಯೆ ಮತ್ತು ತಾರೀಕು ಹಾಕಿ. ಅವರು ನಿಮ್ಮನ್ನು ಹುಡುಕುವುದು ಆ ಸಂಖ್ಯೆಯಿಂದಲೇ. ಅಂಚೆ ವಿಳಾಸ ಬೇಡ.

ಗೆಳೆಯನಿಗೆ ‘ಸಿಗೋಣ’ ಅಥವಾ ‘ಪ್ರೀತಿಯಿಂದ’ ಎಂದು ಬರೆದು ಬರೀ ಹೆಸರು ಹಾಕಿದರೆ ಸಾಕು. ಕೆಳಗೆ ‘ಕಾರ್ಯದರ್ಶಿ’ ಎಂದು ಸೇರಿಸಿದರೆ ಇವನೇಕೆ ಹೀಗೆ ದೂರವಾದ ಎಂದು ಅವನಿಗೆ ಅನ್ನಿಸುತ್ತದೆ. ಹಣ ಕೊಡುವವರು ಖಜಾಂಚಿಯಾದರೆ ಅವರ ನಂಬರನ್ನು ಸಹಿಯಲ್ಲಿ ತುರುಕದೆ, ‘ದುಡ್ಡಿನ ವಿಷಯಕ್ಕೆ ಇವರಿಗೆ ಫೋನ್ ಮಾಡು’ ಎಂದು ಪತ್ರದೊಳಗೇ ಬರೆಯಿರಿ.

ಕಷ್ಟವಿರುವುದು ಕುಲಪತಿಗಳಿಗೆ ಬರೆಯುವಾಗ. ಪತ್ರದುದ್ದಕ್ಕೂ ‘ನೀವು’ ಎಂದು ಬರೆದು ಕೊನೆಗೆ ‘ತಮ್ಮ ವಿಶ್ವಾಸಿ’ ಎಂದರೆ ಆ ಗೌರವ ಅಂಟಿಸಿದ ಹಾಗೆ ಕಾಣುತ್ತದೆ. ‘ತಾವು’ ಎಂದು ಶುರುಮಾಡಿದರೆ ಕೊನೆಯವರೆಗೂ ಅದೇ ಇರಲಿ. ‘ಇಂತಿ ತಮ್ಮ ವಿಧೇಯ’ ಬೇಡವೇ ಬೇಡ. ಅದು ಶಾಲೆಯ ರಜಾ ಅರ್ಜಿಯ ಮಾತು, ಸಂಘದ ಪರವಾಗಿ ಬರೆಯುವವರಿಗೆ ಹೊಂದುವುದಿಲ್ಲ. ‘ತಮ್ಮ ಉತ್ತರದ ನಿರೀಕ್ಷೆಯಲ್ಲಿ’ ಎಂಬುದು ಮೊದಲ ಪತ್ರದಲ್ಲಿ ಸರಿ. ಎರಡನೆಯದರಲ್ಲಿ ಅದೇ ಸಾಲು ‘ಇನ್ನೂ ಉತ್ತರ ಕೊಟ್ಟಿಲ್ಲವಲ್ಲ’ ಎಂದು ಕೇಳಿದಂತಾಗುತ್ತದೆ. ‘ಮುಂಚಿತವಾಗಿ ಧನ್ಯವಾದಗಳು’ ಅಂತೂ ಅವರು ಒಪ್ಪುವ ಮೊದಲೇ ಒಪ್ಪಿಸಿಬಿಟ್ಟಂತೆ.

ಇನ್ನು ನಂಬರು. ಇಂಥ ಇಮೇಲನ್ನು ಮೊದಲು ತೆರೆಯುವವರು ಸಾಮಾನ್ಯವಾಗಿ ಆಪ್ತ ಸಹಾಯಕರು. ‘ದಯವಿಟ್ಟು ಕರೆ ಮಾಡಿ’ ಎಂದು ಕುಲಪತಿಗಳಿಗೇ ಹೇಳುವುದು ಸರಿಯಲ್ಲ. ಮೂರು ನಂಬರು ಕೊಟ್ಟರೆ ಯಾವುದಕ್ಕೆ ಮಾಡಬೇಕೆಂದು ಸಹಾಯಕರಿಗೂ ತಿಳಿಯುವುದಿಲ್ಲ. ನಾನು ಬರೆಸುವುದು ಹೀಗೆ:

‘ತಮ್ಮ ಅನುಕೂಲವನ್ನು ಕಚೇರಿಯವರು ತಿಳಿಸಿದರೆ ಸಾಕು. ಈ ನಂಬರಿನಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ನಾನೇ ಸಿಗುತ್ತೇನೆ: +91 98xxx xxxxx.
ಗೌರವಪೂರ್ವಕ ವಂದನೆಗಳೊಂದಿಗೆ,
(ಪೂರ್ಣ ಹೆಸರು)
ಕಾರ್ಯದರ್ಶಿ, (ಸಂಘದ ಹೆಸರು)’

ನಂಬರು ಸಹಿಯ ಕೆಳಗಲ್ಲ, ಪತ್ರದ ಒಳಗಿದೆ, ಗಮನಿಸಿ. ಅದಕ್ಕೆ ಕಾರಣವಿದೆ. ಒಂದು ವರ್ಷ ನಮ್ಮ ಹೊಸ ಕಾರ್ಯದರ್ಶಿ ಸಂಘದ ಜಿಮೇಲ್‌ನಲ್ಲಿ ಹಳೆಯ ಇಮೇಲ್‌ಗೇ ಉತ್ತರವಾಗಿ ಜ್ಞಾಪನೆ ಬರೆದು, ಬರೀ ಹೆಸರು ಟೈಪ್ ಮಾಡಿ ಕಳಿಸಿದರು. ಹೀಗೆ ಉತ್ತರವಾಗಿ ಬರೆಯುವಾಗ, ಬೇರೆ ಆಯ್ಕೆ ಮಾಡದಿದ್ದರೆ, ಜಿಮೇಲ್ ತಾನಾಗಿ ಹಾಕುವ ಸಹಿ ಹಳೆಯ ಪತ್ರದ ಕೆಳಗೆ ಹೋಗಿ ಮೂರು ಚುಕ್ಕಿಯ ಹಿಂದೆ ಅಡಗುತ್ತದೆ. ಬರೆಯುವವರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿದ್ದದ್ದು ಹಿಂದಿನ ಕಾರ್ಯದರ್ಶಿಯ ನಂಬರು. ಅತಿಥಿಗಳ ಸಹಾಯಕರು ಚುಕ್ಕಿ ಒತ್ತಿ ನೋಡಿ ಆ ನಂಬರಿಗೇ ಫೋನ್ ಮಾಡಿದರು. ಅವರು ಊರು ಬಿಟ್ಟಾಗಿತ್ತು. ‘ನಾನೀಗ ಆ ಸಂಘದಲ್ಲಿಲ್ಲ’ ಅಂದರು. ಆ ವರ್ಷ ವೇದಿಕೆಯ ಮೇಲೆ ಒಂದು ಕುರ್ಚಿ ಖಾಲಿ ಇತ್ತು.

ಆದ್ದರಿಂದ ಕಂಪ್ಯೂಟರಿನಲ್ಲಿ Settings ಒತ್ತಿ, See all settings, ಅದರ General ಪುಟದಲ್ಲಿ Signature ತೆರೆದು ಹಳೆಯದನ್ನು ಅಳಿಸಿ. ಅಲ್ಲೇ ಕೆಳಗೆ ಉತ್ತರದಲ್ಲಿ ಸಹಿಯನ್ನು ಹಳೆಯ ಪತ್ರಕ್ಕಿಂತ ಮೇಲೆ ಹಾಕುವ ಒಂದು ಚೌಕವಿದೆ, ಅದಕ್ಕೆ ಟಿಕ್ ಹಾಕಿ, ಪುಟದ ಕೊನೆಗಿಳಿದು Save Changes ಒತ್ತಿ. ಇದನ್ನು ಮರೆಯುವವರೇ ಹೆಚ್ಚು. ಮೊಬೈಲ್ ಆ್ಯಪ್‌ನ ಸಹಿಯ ವ್ಯವಸ್ಥೆ ಬೇರೆಯೇ ಇರುತ್ತದೆ, ಅದನ್ನೂ ನೋಡಿ. ಐಫೋನಿನ ಮೇಲ್ ಆ್ಯಪ್‌ನಲ್ಲಿ ತಾನಾಗಿ ಸೇರುವ Sent from my iPhone ಸಾಲನ್ನು ಗೆಳೆಯನಿಗೆ ಕಳಿಸುವಾಗಲೂ ತೆಗೆಯಿರಿ.

ಉಚಿತವಾಗಿ ಚಂದದ ಸಹಿ ಮಾಡಿಕೊಡುವ ವೆಬ್‌ಸೈಟುಗಳ ಸಹವಾಸ ಬೇಡ. ನಂಬರು ಚಿತ್ರದೊಳಗೆ ಸೇರಿದರೆ, ಚಿತ್ರ ತೆರೆಯದ ಕಚೇರಿಯ ಕಂಪ್ಯೂಟರಿನಲ್ಲಿ ಖಾಲಿ ಚೌಕ ಮಾತ್ರ ಕಾಣುತ್ತದೆ. ಬೆರಳಿಟ್ಟು ಒತ್ತಿದರೂ ಕರೆ ಹೋಗುವುದಿಲ್ಲ. ಸುಭಾಷಿತ, ಹೂವು, ಫೋಟೊ ಯಾವುದೂ ಬೇಡ.

ಕಳಿಸುವ ಮೊದಲು ನಿಮ್ಮದೇ ಇನ್ನೊಂದು ವಿಳಾಸಕ್ಕೆ ಕಳಿಸಿ, ಮೊಬೈಲಿನಲ್ಲಿ ತೆರೆಯಿರಿ. ಮೂರು ಚುಕ್ಕಿ ಮುಟ್ಟದೆಯೇ ನಂಬರು ಕಾಣಬೇಕು, ಒತ್ತಿದರೆ ನಿಮ್ಮ ಫೋನೇ ರಿಂಗಾಗಬೇಕು.