ಲಾರಿ ಹೊರಟ ಮೇಲೆ ಡೆಲಿವರಿ ವಿಳಾಸ ಬದಲಾದರೆ

ಮಾಲು ಬುಕ್ ಆಗಿ ಲಾರಿ ಹತ್ತಿದ ಮೇಲೆ ಗಿರಾಕಿ ಫೋನ್ ಮಾಡಿ, "ಸಾರ್, ಗೋಡೌನ್ ಬದಲಾಯಿಸಿದ್ದೀವಿ, ಹೊಸ ಜಾಗಕ್ಕೆ ಕಳಿಸಿ" ಅಂತಾರೆ. ಆಗ ಹೆಚ್ಚಿನವರು ಮೊದಲು ಫೋನ್ ಮಾಡುವುದು ಡ್ರೈವರ್‌ಗೆ. ಪಾರ್ಸೆಲ್ ಲಾರಿಯಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ. ರಾತ್ರಿ ಲಾರಿ ಓಡಿಸಿದವರು ಬೆಳಿಗ್ಗೆ ಗೋಡೌನ್‌ನಲ್ಲಿ ಮಾಲು ಇಳಿಸಿ ಹೋಗುತ್ತಾರೆ. ಮನೆ ಬಾಗಿಲಿಗೆ ತರುವ ಗಾಡಿಯೇ ಬೇರೆ, ಅದರ ಡ್ರೈವರೂ ಬೇರೆ.

ಒಂದು ಲೆಕ್ಕ ನೋಡೋಣ. ಸೋಮವಾರ ಸಂಜೆ ಪೀಣ್ಯದಿಂದ ಹುಬ್ಬಳ್ಳಿಯ ಗೋಕುಲ್ ರೋಡ್‌ಗೆ 11 ಬಾಕ್ಸ್ ಪಂಪ್ ಬಿಡಿಭಾಗ ಬುಕ್ ಆಗಿದೆ. ಬಿಲ್ 50,000 ದಾಟಿದೆ, ಹಾಗಾಗಿ 4:40ಕ್ಕೆ ಇ-ವೇ ಬಿಲ್ ಮಾಡಿದ್ದೀರಿ. ಮಂಗಳವಾರ ಬೆಳಿಗ್ಗೆ 8:30ಕ್ಕೆ, ಗಿರಾಕಿಯ ಅಂಗಡಿ ಹುಬ್ಬಳ್ಳಿ ಹತ್ತಿರದ ತಾರಿಹಾಳಕ್ಕೆ ಹೋಗಿದೆ ಎಂದು ತಿಳಿಯಿತು.

ಮೊದಲು ಎಲ್‌ಆರ್, ಅಂದರೆ ಲಾರಿ ರಸೀದಿಯ ನಂಬರ್ ಕೈಯಲ್ಲಿ ಹಿಡಿದು ಬುಕಿಂಗ್ ಮಾಡಿದ ಬ್ರಾಂಚ್‌ಗೂ ಹುಬ್ಬಳ್ಳಿಯ ಡೆಲಿವರಿ ಬ್ರಾಂಚ್‌ಗೂ ಫೋನ್ ಮಾಡಿ. ವಿಳಾಸದ ಮಾತು ಆಮೇಲೆ. ಮೊದಲ ಮಾತು, "ಈ ಮಾಲು ಗಾಡಿಗೆ ಹತ್ತಿಸಬೇಡಿ" ಅಂತಲೇ ಇರಲಿ. ಗೋಡೌನ್‌ನಲ್ಲಿ ನಿಂತ ಮಾಲು ಒಂದು ದಿನ ತಡವಾಗಬಹುದು, ಅಷ್ಟೆ. ಹಳೆಯ ಜಾಗದಲ್ಲಿ ಯಾರೋ ವಾಚ್‌ಮನ್ ಸಹಿ ಹಾಕಿ ಇಳಿಸಿಕೊಂಡರೆ, "ಎಲ್‌ಆರ್‌ನಲ್ಲಿದ್ದ ವಿಳಾಸಕ್ಕೇ ಕೊಟ್ಟಿದ್ದೀವಿ" ಎಂಬ ಟ್ರಾನ್ಸ್‌ಪೋರ್ಟ್‌ನವರ ಮಾತಿಗೆ ಉತ್ತರ ಹೇಳುವುದು ಕಷ್ಟ.

ಫೋನ್ ಇಟ್ಟ ತಕ್ಷಣ ಮೇಲ್ ಕಳಿಸಿ. ಬುಕ್ ಮಾಡಿದವರೇ ಬರೆಯಬೇಕು. ಮಾಲು ತಗೊಳ್ಳುವವರು ಕೇಳಿದರೆ ಒಳ್ಳೆಯ ಬ್ರಾಂಚ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಯಾರು ಬೇಕಾದರೂ ಫೋನ್ ಮಾಡಿ ಮಾಲು ತಿರುಗಿಸಿಕೊಳ್ಳಬಹುದು, ಅಲ್ವಾ? ಮೇಲ್ ಹೀಗಿದ್ದರೆ ಸಾಕು:

"ಎಲ್‌ಆರ್ ನಂಬರ್ ಇಷ್ಟು, ತಾರೀಖು ಇಷ್ಟು, ಒಟ್ಟು 11 ಬಾಕ್ಸ್. ಗೋಕುಲ್ ರೋಡ್ ವಿಳಾಸಕ್ಕೆ ಕೊಡಬೇಡಿ. ಅದೇ ಪಾರ್ಟಿಯ ತಾರಿಹಾಳ ವಿಳಾಸಕ್ಕೆ ಕೊಡಿ (ಪೂರ್ತಿ ವಿಳಾಸ, ಪಿನ್‌ಕೋಡ್, ಅಲ್ಲಿರುವವರ ಮೊಬೈಲ್). ಹೆಚ್ಚಿನ ಬಾಡಿಗೆ, ಹಮಾಲಿ ನಾವು ಕೊಡುತ್ತೇವೆ. ಹೊಸ ಇ-ವೇ ಬಿಲ್ ನಂಬರ್ ಬರುವವರೆಗೆ ಮಾಲು ಗೋಡೌನ್‌ನಲ್ಲೇ ಇರಲಿ."

ಹಣ ಯಾರು ಕೊಡುತ್ತಾರೆ ಎಂಬ ಸಾಲು ಬಿಡಬೇಡಿ. ಅದಿಲ್ಲದೆ ಗಾಡಿ ಅಂಗಡಿ ಮುಂದೆ ನಿಂತು ಜಗಳವಾದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಜನ ಎಡವುವುದು ಇ-ವೇ ಬಿಲ್‌ನಲ್ಲಿ. ಲಾರಿ ನಂಬರ್ ಇರುವ ಪಾರ್ಟ್ ಬಿ ಎಷ್ಟು ಸಲ ಬೇಕಾದರೂ ಬದಲಾಗುತ್ತದೆ. ಡೆಲಿವರಿ ಜಾಗ ಇರುವುದು ಪಾರ್ಟ್ ಎಯಲ್ಲಿ. ಅದನ್ನು ತಿದ್ದಲು ಬರುವುದಿಲ್ಲ. ರದ್ದು ಮಾಡಿ ಹೊಸದು ಮಾಡಬೇಕು. ರದ್ದು ಮಾಡಲು ಇರುವುದು 24 ಗಂಟೆ, ಅಂದರೆ ನಮ್ಮ ಲೆಕ್ಕದಲ್ಲಿ ಮಂಗಳವಾರ ಸಂಜೆ 4:40ರವರೆಗೆ. ದಾರಿಯಲ್ಲಿ ಅಧಿಕಾರಿ ಆ ಬಿಲ್ ಪರಿಶೀಲಿಸಿದ್ದರೆ ಆ ಅವಕಾಶವೂ ಇಲ್ಲ.

ಲಾರಿ ಓಡುತ್ತಿರುವಾಗ ಮಾತ್ರ ರದ್ದು ಮಾಡಬೇಡಿ. ಹೊಸದು ಆಗುವವರೆಗೆ ಆ ಮಾಲಿಗೆ ಕಾಗದವೇ ಇರುವುದಿಲ್ಲ. ಆ ಹೊತ್ತಿನಲ್ಲಿ ತಪಾಸಣೆಗೆ ಸಿಕ್ಕರೆ ಗಾಡಿ ನಿಲ್ಲುತ್ತದೆ. ಮಾಲು ಹುಬ್ಬಳ್ಳಿ ಗೋಡೌನ್‌ನಲ್ಲಿ ಇಳಿದಿದೆ ಎಂದು ಕೇಳಿ ಖಚಿತ ಮಾಡಿಕೊಂಡು ರದ್ದು ಮಾಡಿ. ನಂತರ ಮಾರಾಟದ ಬಿಲ್ಲಿನಲ್ಲಿ ಡೆಲಿವರಿ ವಿಳಾಸ ಸರಿಪಡಿಸಿ, ಹೊಸ ಇ-ವೇ ಬಿಲ್‌ನ ಪಾರ್ಟ್ ಎಯಲ್ಲಿ ತಾರಿಹಾಳ ಹಾಕಿ, ಟ್ರಾನ್ಸ್‌ಪೋರ್ಟ್‌ನವರ ಐಡಿ ಕೊಡಿ. ಪಾರ್ಟ್ ಬಿ ಅವರಿಗೇ ಬಿಡಿ. ಡೆಲಿವರಿ ಗಾಡಿಯ ನಂಬರ್ ಅವರಿಗೆ ಗೊತ್ತು, ನೀವು ಅಂದಾಜಿಗೆ ಹಾಕಿದರೆ ಅದೇ ತಪ್ಪಾಗುತ್ತದೆ. ತಾರಿಹಾಳದ ಜಾಗ ಗಿರಾಕಿಯ ಜಿಎಸ್‌ಟಿ ನೋಂದಣಿಗೆ ಸೇರಿದೆಯೇ ಎಂದೂ ಕೇಳಿ.

ಇಷ್ಟೆಲ್ಲ ಯಾಕೆ, ಸಣ್ಣ ತಪ್ಪಿಗೆ ರಿಯಾಯಿತಿ ಇದೆಯಲ್ಲ ಎನ್ನುತ್ತಾರೆ. 2018ರ ಸೆಪ್ಟೆಂಬರ್ ಜಿಎಸ್‌ಟಿ ಸುತ್ತೋಲೆ ಪ್ರಕಾರ ವಿಳಾಸದ ಸಣ್ಣ ತಪ್ಪಿಗೆ ಗಾಡಿ ಹಿಡಿಯುವುದಿಲ್ಲ, ನಿಜ. ಆದರೆ ಏರಿಯಾ ಸರಿ ಇರಬೇಕು ಎಂದು ಅದರಲ್ಲೇ ಇದೆ. ಗೋಕುಲ್ ರೋಡ್ ಹೋಗಿ ತಾರಿಹಾಳ ಆದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಎಲ್‌ಆರ್ ಮೇಲೆ ಪೆನ್ನಿನಿಂದ ಗೀಚಿ ಹೊಸ ವಿಳಾಸ ಬರೆಯುವುದಂತೂ ಬೇಡವೇ ಬೇಡ. ತಪಾಸಣೆಯಲ್ಲಿ ಅದು ತಿದ್ದಿದ ಕಾಗದದಂತೆ ಕಾಣುತ್ತದೆ.

24 ಗಂಟೆ ದಾಟಿದ್ದರೆ? ಹಳೆಯ ಇ-ವೇ ಬಿಲ್ ಹಾಗೇ ಇರಲಿ. ಹತ್ತಿರದ ಜಾಗವಾದರೆ ಗಿರಾಕಿ ಹಳೆಯ ವಿಳಾಸದಲ್ಲೇ ಮಾಲು ತಗೊಂಡು, ತಮ್ಮದೇ ಡೆಲಿವರಿ ಚಲನ್ ಮತ್ತು ಇ-ವೇ ಬಿಲ್ ಮಾಡಿ ಹೊಸ ಜಾಗಕ್ಕೆ ಸಾಗಿಸಲಿ.

ಇನ್ನು ಬಾಕ್ಸ್‌ಗಳು. 11ಕ್ಕೂ ಹೊಸ ಚೀಟಿ ಅಂಟಿಸಿ, ಹಳೆಯದನ್ನು ಪೂರ್ತಿ ಮುಚ್ಚಲು ಹೇಳಿ. ಪ್ರಿಂಟ್ ಚೀಟಿಯೇ ಇರಲಿ. ನೀರಿನ ಇಂಕಿನ ಸ್ಕೆಚ್ ಪೆನ್ ಒಂದು ಮಳೆಗೆ ಹರಿದುಹೋಗುತ್ತದೆ. ಆಮೇಲೆ ಡೆಲಿವರಿ ಬ್ರಾಂಚ್‌ಗೆ ಇನ್ನೊಂದು ಫೋನ್ ಮಾಡಿ, ಕಂಪ್ಯೂಟರ್‌ನಲ್ಲಿ ಈಗಿರುವ ವಿಳಾಸವನ್ನು ಓದಿ ಹೇಳಿ ಎನ್ನಿ. "ಚೇಂಜ್ ಆಗಿದೆ ಸಾರ್" ಎಂಬ ಮಾತಿಗೆ ಫೋನ್ ಇಡಬೇಡಿ. ಅವರು ತಾರಿಹಾಳ ಎಂದು ಓದಿದ ಮೇಲೆಯೇ ಗಾಡಿ ಬಿಡಲು ಹೇಳಿ.