ಪಂಚಮಿ ಪೋಸ್ಟರಿಗೆ ನಾನು ಬರೆದ ಎರಡು ಪುಟದ ಪತ್ರ

"ಅಣ್ಣಾ, ಒಂದು ಚಿತ್ರ ಮಾಡಿಸಾಕ ಎರಡು ಪುಟ ಪತ್ರಾ? ಕೆಲಸ ಕೊಡಾಕತ್ತಿಯೋ, ವಕೀಲರ ನೋಟಿಸ್ ಕಳಿಸಾಕತ್ತಿಯೋ?" ಅಂತ ನನ್ನ ತಮ್ಮ ನಕ್ಕಿದ್ದ. ಮಗ ಇನ್ನೂ ಒಂದು ಹೆಜ್ಜೆ ಮುಂದೆ. "ವಾಯ್ಸ್ ಮೆಸೇಜ್ ಹಾಕಿದ್ರ ಮುಗೀತಪ್ಪಾ" ಅಂದ. ಈ ಸಲದ ಪಂಚಮಿ ಲೆಕ್ಕ ನೋಡಿದ ಮೇಲೆ ಇಬ್ಬರೂ ಸುಮ್ಮನಾಗಿದ್ದಾರೆ.

ಗದಗಿನಲ್ಲಿ ನಮ್ಮದು ಸಣ್ಣ ಅಂಗಡಿ. ಇಳಕಲ್ಲ ಸೀರೆ, ಗುಳೇದಗುಡ್ಡ ಖಣ, ಇಷ್ಟೇ. ನಮಗೆ ದೀಪಾವಳಿಗಿಂತ ನಾಗರ ಪಂಚಮಿ ದೊಡ್ಡ ಸೀಸನ್ನು. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಅಣ್ಣತಮ್ಮಂದಿರು ಸೀರೆ ಕೊಡಿಸುತ್ತಾರೆ.

ಹೋದ ವರ್ಷ ವಾಯ್ಸ್ ಮೆಸೇಜಿನಲ್ಲೇ ಕೆಲಸ ಕೊಟ್ಟಿದ್ದೆ. "ಪಂಚಮಿ ಆಫರ್, ಹಬ್ಬದ ಕಳೆ ಬರಲಿ, ಗ್ರ್ಯಾಂಡ್ ಆಗಿರಲಿ" ಅಂತ. ಪೋಸ್ಟರ್ ಮಾಡಿದ ಹುಡುಗ ಆಗ ಬೇರೆಯವನು, ಊರೂ ಬೇರೆ. ಅವನ ತಪ್ಪು ಅಂತ ಈಗ ನನಗೆ ಅನಿಸುವುದಿಲ್ಲ. ಅವನು ಇಂಟರ್ನೆಟ್ಟಿನಿಂದ ಯಾವುದೋ ಬನಾರಸಿ ಸೀರೆಯ ಹುಡುಗಿಯನ್ನು ತಂದ. ಪಕ್ಕದಲ್ಲಿ ಹೆಡೆ ಎತ್ತಿದ ನಾಗರಹಾವು, ಹುಡುಗಿಗಿಂತ ದೊಡ್ಡದು. ಅಂಗಡಿ ಫೋನ್ ನಂಬರ್ ಹಾವಿನ ಕೆಳಗೇ ಇತ್ತು. ಒಬ್ಬರು ಫೋನ್ ಮಾಡಿ "ಹಿತ್ತಲಾಗ ಹಾವು ಬಂದೈತ್ರೀ, ಹಿಡಿಯಾಕ ಎಷ್ಟು ತಗೋತೀರಿ?" ಅಂತ ಕೇಳಿದರು. ಜೊತೆಗೆ ಅಕ್ಷರ ಒಡೆದಿತ್ತು. "ಹಬ್ಬಕ್ಕೆ" ಅನ್ನುವುದು "ಹಬ್‌ಬಕ್‌ಕೆ" ಆಗಿತ್ತು. ಅವಸರದಲ್ಲಿ ನಾನೂ ನೋಡಲಿಲ್ಲ. ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಆರು ಫ್ಲೆಕ್ಸ್ ಹಾಕಿಸಿಬಿಟ್ಟಿದ್ದೆ. ಒಂದಕ್ಕೆ ಸಾವಿರದ ಆಸುಪಾಸು. ಹುಡುಗನ 3,000 ಸೇರಿ ಒಂಬತ್ತು ಸಾವಿರ ನೀರಲ್ಲಿ ಹೋಯಿತು. ಆ ಫ್ಲೆಕ್ಸ್ ಈಗ ನಮ್ಮ ಗೋಡೌನಿನ ಸೋರುವ ಕಡೆ ಹೊದಿಸಿದೆ. ಹಾವು ಅಲ್ಲಿ ಕಾವಲಿದೆ.

ಈ ಸಲ ಬೆಂಗಳೂರಿನ ಒಬ್ಬ ಹುಡುಗನನ್ನು ಹಿಡಿದೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಪತ್ರ ಕಳಿಸಿದೆ. ಶುರು ಹೀಗಿತ್ತು:

"ತಮ್ಮಾ, ನಮಸ್ಕಾರ. ಈ ಪೋಸ್ಟರ್ ನೋಡಬೇಕಾದವನು ಸೀರೆ ಉಡುವವಳಲ್ಲ, ಸೀರೆ ಕೊಡಿಸುವ ಅಣ್ಣ. ಅವನಿಗೆ ದಡಿ, ಸೆರಗು ಯಾವುದೂ ಗೊತ್ತಿಲ್ಲ. ಬೈಕಿನ ಮೇಲೆ ಸರ್ಕಲ್ ದಾಟುವಾಗ ತಂಗಿ ನೆನಪಾಗಬೇಕು, ನಮ್ಮ ಅಂಗಡಿ ಹೆಸರು ಕಾಣಬೇಕು. ಮೂರನೆಯದು ಏನೂ ಬೇಡ."

ಇದನ್ನು ಬರೆಯಲು ನನಗೆ ಎರಡು ದಿನ ಹಿಡಿಯಿತು. ಮೊದಲು ಬರೆದಾಗ ಆಫರ್, ಹೊಸ ಸ್ಟಾಕ್, ಉಚಿತ ಖಣ, ಪಾರ್ಕಿಂಗ್ ಎಲ್ಲಾ ತುರುಕಿದ್ದೆ. ಒಂದೊಂದೇ ಹೊಡೆದುಹಾಕಿದೆ. ಪಾರ್ಕಿಂಗ್ ತೆಗೆಯುವಾಗ ಜೀವಕ್ಕೆ ಬಂತು.

ಆಮೇಲೆ ಮುಟ್ಟಬಾರದ್ದನ್ನು ಬರೆದೆ. ಪತ್ರದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಈ ಭಾಗವೇ. "ಸೆರಗು ಕತ್ತರಿಸಬೇಡ. ಇಳಕಲ್ಲ ಸೀರೆ ಅಂತ ಗುರುತು ಸಿಗುವುದೇ ಆ ಕೆಂಪು ಸೆರಗಿನ ಬಿಳಿ ಟೋಪ್ ತೆನಿ ಚಿತ್ತಾರದಿಂದ. ಅದರ ಮೇಲೆ ಅಕ್ಷರ ಕೂರಿಸಬೇಡ. ಫೋಟೋವನ್ನು ಕನ್ನಡಿಯ ಹಾಗೆ ತಿರುಗಿಸಬೇಡ, ಸೆರಗು ಯಾವ ಹೆಗಲ ಮೇಲಿದೆಯೋ ಅಲ್ಲೇ ಇರಲಿ. ಹಾವು ಬೇಡ. ಹಣತೆ ಬೇಡ, ಅದು ದೀಪಾವಳಿಗೆ. ಜೋಕಾಲಿ ಇರಲಿ. ಕೈಮಗ್ಗ ಅನ್ನುವ ಪದ ಎಲ್ಲೂ ಹಾಕಬೇಡ. ನನ್ನ ಹತ್ತಿರ ಕೈಮಗ್ಗದ್ದೂ ಇದೆ, ಪವರ್‌ಲೂಮಿನದ್ದೂ ಇದೆ. ಈ ಆಫರ್ ಪವರ್‌ಲೂಮಿನದು." ಈ ಕೊನೆಯ ಮಾತನ್ನು ಬಿಟ್ಟಿದ್ದರೆ ಕೈಮಗ್ಗ ಅಂತ ಖಂಡಿತ ಹಾಕುತ್ತಿದ್ದ. ಕೇಳಲು ಚೆನ್ನಾಗಿರುತ್ತೆ ಅಲ್ವಾ? ಆದರೆ ನಮ್ಮ ಕಡೆಯ ಹೆಂಗಸರು ಸೆರಗನ್ನು ಸೀರೆಗೆ ಕೂಡಿಸುವ ಕೊಂಡಿ ಮುಟ್ಟಿ ನೋಡಿ ಅಂಗಡಿಯಲ್ಲೇ ಮಾನ ಕಳೆಯುತ್ತಾರೆ.

ಅಕ್ಷರದ ವಿಷಯಕ್ಕೆ ಒಂದು ಉಪಾಯ ಮಾಡಿದೆ. ಪೋಸ್ಟರಿನ ಸಾಲುಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳಿಸಿದೆ. ಅದೇ ಸಾಲುಗಳನ್ನು ಕೈಯಲ್ಲಿ ದೊಡ್ಡದಾಗಿ ಬರೆದು ಅದರ ಫೋಟೋವನ್ನೂ ಕಳಿಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒತ್ತಕ್ಷರ ಒಡೆದದ್ದು ತಕ್ಷಣ ಗೊತ್ತಾಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಕಳಿಸಿದ್ದರೆ ಅವನ ಕಂಪ್ಯೂಟರಿನಲ್ಲಿ ಬರೀ ಕಸ ಕಾಣುತ್ತಿತ್ತು. ಹಳೆಯ ಫೋಟೋಶಾಪಿನಲ್ಲಾದರೆ Preferences ಒಳಗೆ Type ಅಲ್ಲಿ World-Ready Layout ಆರಿಸಿಕೋ ಅಂತಲೂ ಬರೆದಿದ್ದೆ. ಅವನಿಗೆ ಗೊತ್ತಿತ್ತಂತೆ. ಗೊತ್ತಿದ್ದರೆ ಒಳ್ಳೆಯದೇ.

ಪತ್ರದ ಜೊತೆ ಒಂದು ಸೀರೆಯನ್ನೂ ಕೊರಿಯರ್ ಮಾಡಿದೆ. ಇದಕ್ಕೂ ಮನೆಯಲ್ಲಿ ನಗು. ಆದರೆ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋದಲ್ಲಿ ಆ ಕೆಂಪು ಸುಟ್ಟ ಇಟ್ಟಿಗೆ ಹಾಗೆ ಬರುತ್ತದೆ. ಪ್ರಿಂಟಿಗೆ ಹೋದರೆ ಇನ್ನೂ ಮಂಕು. ಅವನು ಸೀರೆಯನ್ನು ಕಿಟಕಿ ಪಕ್ಕ ಇಟ್ಟುಕೊಂಡು ಬಣ್ಣ ಸರಿ ಮಾಡಿದ. ಮುದ್ರಣಕ್ಕೆ ಮುಂಚೆ ಸೆರಗಿನ ಭಾಗವನ್ನು ಮಾತ್ರ ಎರಡಡಿ ಚೌಕದಲ್ಲಿ ಅದೇ ಫ್ಲೆಕ್ಸಿನ ಮೇಲೆ ತೆಗೆಸಿದೆ. ಐವತ್ತೋ ಅರವತ್ತೋ ರೂಪಾಯಿ. ಬಿಸಿಲಲ್ಲಿ ಅಂಥದೇ ಇನ್ನೊಂದು ಸೀರೆ ಪಕ್ಕ ಹಿಡಿದೆ. ಮೊದಲನೆಯದು ಕಿತ್ತಳೆಗೆ ತಿರುಗಿತ್ತು, ಎರಡನೆಯದು ಕೂತಿತು.

ಫೋಟೋಕ್ಕೆ ನನ್ನ ತಂಗಿಯ ಮಗಳನ್ನೇ ಬೇವಿನ ಮರದ ಜೋಕಾಲಿ ಮೇಲೆ ಕೂರಿಸಿದೆವು. ಬೆಳಿಗ್ಗೆ ಎಂಟರೊಳಗೆ, ನೆರಳಲ್ಲಿ, ಬೆನ್ನು ಈ ಕಡೆ. ಜೋಕಾಲಿ ಜೀಕುವಾಗ ಸೆರಗು ಸುರುಳಿಯಾಗದೆ ಬಿಚ್ಚಿಕೊಂಡೇ ಇರಲು ಏನು ಮಾಡಿದೆವು ಅನ್ನುವುದನ್ನು ಹೇಳುವುದಿಲ್ಲ. ಪಕ್ಕದ ಅಂಗಡಿಯವರೂ ಓದುತ್ತಾರೆ.

ದುಡ್ಡಿನ ಮಾತನ್ನು ಪತ್ರದಲ್ಲೇ ಮುಗಿಸಿದ್ದೆ. ಒಟ್ಟು 7,000. ಅರ್ಧ ಮುಂಗಡ. ಎರಡು ಸಲ ತಿದ್ದುಪಡಿ ಅದರಲ್ಲೇ, ಮೂರನೆಯದಕ್ಕೆ 500. ಮೊದಲ ಕರಡು ಆರು ದಿನಕ್ಕೆ, ಕೊನೆಯದು ಹನ್ನೆರಡಕ್ಕೆ. ಮುದ್ರಣಕ್ಕೆ ಮೂರು ದಿನ. ನಾಗರ ಅಮಾವಾಸ್ಯೆಗೆ ಹದಿನೈದು ದಿನ ಮುಂಚೆ ಫ್ಲೆಕ್ಸ್ ಕಟ್ಟಿಯಾಗಿತ್ತು. ತಿದ್ದುಪಡಿಗೆ ಬೆಲೆ ಇಟ್ಟದ್ದು ನನಗೇ ಲಗಾಮು ಆಯಿತು. ನಾನು, ತಮ್ಮ, ಮಗ ಕೂತು ಎಲ್ಲಾ ಒಂದೇ ಹಾಳೆಯಲ್ಲಿ ಬರೆದು ಕಳಿಸಿದೆವು. ಮೊದಲಾದರೆ ದಿನಕ್ಕೆ ಹತ್ತು ಮೆಸೇಜು. ಆದರೂ ಮೂರನೆಯ ತಿದ್ದುಪಡಿ ಬಂತು, 500 ಕೊಟ್ಟೆ. ಅಂಗಡಿ ಹೆಸರು ಇನ್ನೂ ದೊಡ್ಡದಾಗಬೇಕು ಅಂತ ಹಟ ಮಾಡಿದ್ದು ನಾನೇ.

ನಡುವೆ ಸುಮ್ನೆ ಒಂದು ಪ್ರಯೋಗ. ವಾಟ್ಸಾಪಿನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ ಜೋಕಾಲಿ ಚಿತ್ರ ಕಳಿಸಿದೆ. ಇನ್ನೊಂದಕ್ಕೆ ಮಡಿಸಿಟ್ಟ ಸೀರೆ, ಖಣ, ಬೆಲೆ, ಅಷ್ಟೇ ಇದ್ದ ಚಿತ್ರ. ಜೋಕಾಲಿಗೆ ಹತ್ತೋ ಹದಿನೈದೋ ವಿಚಾರಣೆ ಬಂದಿರಬೇಕು. ಮಡಿಸಿದ ಸೀರೆಗೆ ನಲವತ್ತರ ಹತ್ತಿರ! ಕೇಳಿದವರು ಹೆಚ್ಚಿನವರು ಹೆಂಗಸರು. ಸರ್ಕಲ್ಲಿನ ಫ್ಲೆಕ್ಸ್ ನೋಡಿ ಬಂದವರು ಮಾತ್ರ ಗಂಡಸರು. ಬಂದವರೇ "ಆ ಜೋಕಾಲಿ ಸೀರೀನ ಕೊಡ್ರಿ" ಅನ್ನುತ್ತಿದ್ದರು. ಮುಂದಿನ ಪತ್ರದಲ್ಲಿ ಫೋನಿಗೆ ಒಂದು, ರಸ್ತೆಗೆ ಒಂದು ಅಂತ ಬೇರೆ ಬೇರೆ ಬರೆಯುತ್ತೇನೆ. ಆಟೋ ಹಿಂದೆ ಅಂಟಿಸಿದ್ದು ಮಾತ್ರ ಪೂರ್ತಿ ದಂಡ. ಮೊದಲ ಮಳೆಗೇ ಅಂಚು ಎದ್ದಿತು.

ಹೋದ ಪಂಚಮಿಗೆ ಹೋದದ್ದು ನೂರ ನಲವತ್ತು ಸೀರೆ ಇರಬಹುದು. ಈ ಸಲ ಇನ್ನೂರು ದಾಟಿತು. ಮಳೆಯೂ ಚೆನ್ನಾಗಿತ್ತು, ರೈತರ ಕೈಯಲ್ಲಿ ದುಡ್ಡಿತ್ತು, ಅದನ್ನು ಮರೆಮಾಚುವುದಿಲ್ಲ.

ಕೊರಿಯರ್ ಮಾಡಿದ ಸೀರೆ ವಾಪಸ್ ಬರಬೇಕು ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೆ. ಹಬ್ಬ ಮುಗಿದ ಮೇಲೆ ಹುಡುಗನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಣ್ಣಾ, ಅಮ್ಮ ಪಂಚಮಿಗೆ ಅದನ್ನೇ ಉಟ್ಟುಬಿಟ್ಟರು" ಅಂದ. ಲೆಕ್ಕದ ಪುಸ್ತಕದಲ್ಲಿ ಅದನ್ನು ಕೊರಿಯರ್ ಖರ್ಚಿನ ಕೆಳಗೆ ಬರೆದಿದ್ದೇನೆ.